ಒಂದೇ ಚಾರ್ಟ್, ನನಗೆ ಗಾರ್ಟ್ಲಿ, ಗೆಳೆಯನಿಗೆ ಬ್ಯಾಟ್: ಟಾಲರೆನ್ಸ್ ಎಷ್ಟಿಡಬೇಕು?

ಡೇಲಿ ಚಾರ್ಟ್ ದಿವಾಕರ

ಎಲ್ಲರಿಗೂ ನಮಸ್ಕಾರ. ಒಂದೂವರೆ ವರ್ಷದಿಂದ ಹಾರ್ಮೋನಿಕ್ ಪ್ಯಾಟರ್ನ್ ನೋಡಿ, ಅಂದರೆ ಬೆಲೆಯ X, A, B, C, D ತಿರುವುಗಳ ನಡುವಿನ ಅನುಪಾತ ಅಳೆದು, ಟ್ರೇಡ್ ಮಾಡುತ್ತಿದ್ದೇನೆ. ಹೋದ ತಿಂಗಳು ಒಂದು ಷೇರಿನಲ್ಲಿ ಪೆಟ್ಟು ತಿಂದೆ. ಹೋದ ದುಡ್ಡಿಗಿಂತ, ಆಮೇಲೆ ಗೆಳೆಯನ ಜೊತೆ ಆದ ವಾದವೇ ತಲೆ ಕೊರೆಯುತ್ತಿದೆ. ಷೇರಿನ ಹೆಸರು ಬೇಡ, ಅಂಕಿ ಕೊಡುತ್ತೇನೆ.

X 1200ರಲ್ಲಿ. ಅಲ್ಲಿಂದ 1400ಕ್ಕೆ ಏರಿತು, ಅದು A. ಇಳಿದು 1282ಕ್ಕೆ ಬಂತು, ಅದು B. ಮತ್ತೆ 1360ಕ್ಕೆ ಹೋಯಿತು, ಅದು C. ಎಲ್ಲಾ ವಿಕ್ ತುದಿಯಿಂದ, ಅಂದರೆ ದಿನದ ಗರಿಷ್ಠ, ಕನಿಷ್ಠ ಬೆಲೆಯಿಂದ ಅಳೆದದ್ದು. XA 200 ರೂಪಾಯಿ, AB 118. ಅಂದರೆ 0.59. ಗಾರ್ಟ್ಲಿ ಎಂಬ ಪ್ಯಾಟರ್ನ್‌ಗೆ B 0.618ರಲ್ಲಿ ಬೇಕು. ನಾನು ಶೇ. 5 ಟಾಲರೆನ್ಸ್ ಇಟ್ಟುಕೊಂಡಿದ್ದೆ, ಹಾಗಾಗಿ ಪಾಸ್ ಎಂದುಕೊಂಡೆ. D ಬರಬೇಕಾದದ್ದು XAಯ 0.786ರಲ್ಲಿ, ಅಂದರೆ 1242.80. AB ಇಳಿದಷ್ಟೇ CD ಇಳಿದರೂ 1360ರಲ್ಲಿ 118 ಕಳೆದು 1242. ಎರಡು ಲೆಕ್ಕವೂ ಒಂದೇ ಜಾಗಕ್ಕೆ ಬಂದು ಕೂತಾಗ ಯಾರಿಗೆ ಖುಷಿಯಾಗುವುದಿಲ್ಲ ಹೇಳಿ? 1243ಕ್ಕೆ ಕೊಂಡೆ. ಸ್ಟಾಪ್‌ಲಾಸ್ 1232.

ಎರಡನೇ ದಿನ ಸ್ಟಾಪ್ ಹೊಡೆಯಿತು. ಬೆಲೆ 1221ರವರೆಗೆ ಹೋಗಿ ಅಲ್ಲಿಂದ ತಿರುಗಿ 1310 ದಾಟಿತು. ಗೆಳೆಯ ಸಂಜೆ ಫೋನ್ ಮಾಡಿ, "ಅದು ಗಾರ್ಟ್ಲಿ ಅಲ್ಲ ಮಾರಾಯ, ಬ್ಯಾಟ್. B ಬರೀ 0.54. ಬ್ಯಾಟ್‌ನ D 0.886ರಲ್ಲಿ, ಅಂದರೆ 1222.80. ನೋಡು ಎಷ್ಟು ಚೊಕ್ಕವಾಗಿ ತಿರುಗಿದೆ" ಎಂದ. ಅವನು ಕ್ಲೋಸ್ ಬೆಲೆಯಿಂದ ಅಳೆಯುತ್ತಾನಂತೆ.

ಇಬ್ಬರಲ್ಲಿ ಯಾರು ಸರಿ? ಟಾಲರೆನ್ಸ್ ನಿಜಕ್ಕೂ ಎಷ್ಟಿರಬೇಕು?

---

ಇಂಟ್ರಾಡೇ ಈರಣ್ಣ

ನಿಮ್ಮ ಗೆಳೆಯನೇ ಸರಿ. 0.59 ಎಂದರೆ 0.59, ಅದು 0.618 ಹೇಗಾಗುತ್ತದೆ? ಗಾರ್ಟ್ಲಿ 1935ರಲ್ಲೇ 0.618, 0.786 ಅಂತ ಬರೆದಿಟ್ಟು ಹೋಗಿದ್ದಾರೆ. ಅದನ್ನು ನಾವು ರಬ್ಬರ್ ಥರ ಎಳೆದರೆ ತಪ್ಪು ನಮ್ಮದೇ. ಟಾಲರೆನ್ಸ್ ಸೊನ್ನೆ ಇಡಿ, ತಲೆನೋವೇ ಇಲ್ಲ.

---

ಡೇಲಿ ಚಾರ್ಟ್ ದಿವಾಕರ

ಈರಣ್ಣ, ಸೊನ್ನೆ ಇಟ್ಟರೆ B ಸರಿಯಾಗಿ 1276.40ಕ್ಕೆ ಬಂದು ನಿಲ್ಲಬೇಕು. ಹತ್ತು ಪೈಸೆ ಆಚೀಚೆ ಆದರೂ ಫೇಲ್. ವರ್ಷಕ್ಕೆ ಒಂದು ಟ್ರೇಡ್ ಸಿಕ್ಕರೆ ಪುಣ್ಯ.

---

ಹಳೇ ಚಾರ್ಟು

ಈರಣ್ಣನವರ ಮಾತಿಗೆ ಒಂದು ತಿದ್ದುಪಡಿ. ಗಾರ್ಟ್ಲಿಯವರ 1935ರ ಪುಸ್ತಕದ 222ನೇ ಪುಟದಲ್ಲಿ ಈ ಆಕಾರದ ಚಿತ್ರವಿದೆ. ಅದಕ್ಕೇ ಇವತ್ತಿಗೂ ಜನ "ಗಾರ್ಟ್ಲಿ 222" ಅನ್ನುವುದು. ಆದರೆ ಅಲ್ಲಿ ಫಿಬೊನಾಚಿ ಅನುಪಾತಗಳೇ ಇಲ್ಲ. ಅವರು ತೋರಿಸಿದ್ದು ಒಂದು ಏರಿಕೆ, ಆಮೇಲೆ ಎರಡು ಮೆಟ್ಟಿಲಿನ ಇಳಿತ, ಅಷ್ಟೇ. ಅದರ ಮೇಲೆ 0.618, 0.786 ಅಂಟಿಸಿದ್ದು 1990ರ ದಶಕದಲ್ಲಿ ಲ್ಯಾರಿ ಪೆಸವೆಂಟೊ, ಸ್ಕಾಟ್ ಕಾರ್ನಿ ಮುಂತಾದವರು. ಬ್ಯಾಟ್ ಅಂತೂ ಇನ್ನೂ ಈಚಿನದು. ಕಾರ್ನಿ ಅದನ್ನು ಗುರುತಿಸಿದ್ದು 2001ರಲ್ಲಿ.

ಹಾಗಾಗಿ "ಮೂಲದಲ್ಲಿ ಹೀಗಿದೆ" ಅನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ಮೂಲದಲ್ಲಿ ಇದ್ದದ್ದು ಆಕಾರ. ಅಂಕಿ ಆಮೇಲೆ ಬಂತು. ಅಂಕಿ ಬಂದ ಮೇಲೆ ಟಾಲರೆನ್ಸ್ ಬರಲೇಬೇಕಾಯಿತು.

---

ಇಂಟ್ರಾಡೇ ಈರಣ್ಣ

ಸರಿ ಸರ್, ಇತಿಹಾಸ ನೀವು ಹೇಳಿದ ಹಾಗೇ ಇರಲಿ. ಆದರೆ 0.786, 0.886 ಇವು ಪ್ರಕೃತಿಯಲ್ಲೇ ಇರುವ ಫಿಬೊನಾಚಿ ಅಂಕಿಗಳಲ್ವಾ? ಅವನ್ನು ಯಾರೂ ಕಂಡುಹಿಡಿಯಬೇಕಾಗಿಲ್ಲ.

---

ಸುಮಾ_ಪೈಥಾನ್

0.618 ಫಿಬೊನಾಚಿ ಸರಣಿಯಿಂದ ಬರುತ್ತದೆ. ಅದರ ವರ್ಗಮೂಲ 0.786. ಅದರದೂ ವರ್ಗಮೂಲ ತೆಗೆದರೆ 0.886. ಸರಣಿಯೊಳಗೆ ಇವೆರಡೂ ನೇರವಾಗಿ ಸಿಗುವುದಿಲ್ಲ. 0.5 ಅಂತೂ ಬರೀ ಅರ್ಧ.

ಈಗ ಬಳಕೆಯಲ್ಲಿರುವ ಮಟ್ಟಗಳನ್ನು ಸಾಲಾಗಿ ಇಡಿ: 0.382, 0.5, 0.618, 0.707, 0.786, 0.886. ಪಕ್ಕಪಕ್ಕದ ಎರಡರ ನಡುವೆ ಅತಿ ದೊಡ್ಡ ಸಂದು 0.118. ಅಂದರೆ ಬೆಲೆ ಈ ಸಾಲಿನೊಳಗೆ ಎಲ್ಲಿ ನಿಂತರೂ ಯಾವುದೋ ಒಂದು ಹೆಸರಿರುವ ಮಟ್ಟದಿಂದ 0.06ಕ್ಕಿಂತ ದೂರ ಇರಲು ಸಾಧ್ಯವೇ ಇಲ್ಲ. ಟಾಲರೆನ್ಸ್ ಪ್ರಶ್ನೆ ಹುಟ್ಟುವುದೇ ಇಲ್ಲಿಂದ.

ದಿವಾಕರ್ ಅವರೇ, ನಿಮ್ಮ ಲೆಕ್ಕಕ್ಕೆ ರಾತ್ರಿ ಉದ್ದಕ್ಕೆ ಬರೆಯುತ್ತೇನೆ. ಅಷ್ಟರಲ್ಲಿ ಒಂದು ಕೇಳಬೇಕಿತ್ತು. ಕ್ಲೋಸ್ ಬೆಲೆಯ X, A, B ಎಷ್ಟಿತ್ತು?

---

ಡೇಲಿ ಚಾರ್ಟ್ ದಿವಾಕರ

ಈಗಷ್ಟೇ ನೋಡಿದೆ ಮೇಡಂ. X 1206, A 1392, B 1291.

---

ಪ್ಯಾನೆಲ್ ಬೋರ್ಡ್ ಪ್ರಕಾಶ್

ಹಾರ್ಮೋನಿಕ್ ಅಂತ ಕಂಡಿತು, ಬಂದೆ. ನಮ್ಮ ಕಾರ್ಖಾನೆಯಲ್ಲಿ ವಿಎಫ್‌ಡಿ ಹಾಕಿದ ಮೇಲೆ ಐದನೇ, ಏಳನೇ ಹಾರ್ಮೋನಿಕ್ ಜಾಸ್ತಿಯಾಗಿ ಕೆಪಾಸಿಟರ್‌ಗಳು ಬಿಸಿಯಾಗುತ್ತಿವೆ. ಯಾರಾದರೂ ಫಿಲ್ಟರ್ ಹಾಕಿಸಿದ್ದೀರಾ?

---

ಉಡುಪಿ ಆಪ್ಷನ್ಸ್

ಪ್ರಕಾಶಣ್ಣ, ಇಲ್ಲಿ ಬಿಸಿಯಾಗುತ್ತಿರುವುದು ತಲೆ, ಕೆಪಾಸಿಟರ್ ಅಲ್ಲ. 😄

---

ಸುಮಾ_ಪೈಥಾನ್

ಈಗ ಕೂತು ಬರೆಯುತ್ತಿದ್ದೇನೆ.

ಮೊದಲನೆಯದು, "ಶೇ. 5" ಎಂದಾಗ ಯಾವುದರ ಶೇ. 5? ನಾನು ಸ್ಕ್ಯಾನರ್ ಬರೆಯುವಾಗ ಇದೇ ಜಾಗದಲ್ಲಿ ಎಡವಿದ್ದೆ. ಎರಡು ಸಾಲು ನೋಡಿ:

```python
abs(r - target) <= 0.05 * target
abs(r - target) <= 0.05
```

ಮೊದಲ ಸಾಲಿನ ಪ್ರಕಾರ ಗಾರ್ಟ್ಲಿಯ B 0.587ರಿಂದ 0.649ರ ಒಳಗಿರಬೇಕು. ಎರಡನೇ ಸಾಲಿನ ಪ್ರಕಾರ 0.568ರಿಂದ 0.668. ನಿಮ್ಮ 0.59 ಎರಡರಲ್ಲೂ ಪಾಸ್, ಆದರೆ ಮೊದಲನೆಯದರಲ್ಲಿ ಹೊಸಿಲ ಮೇಲೆ ಕಾಲಿಟ್ಟು ನಿಂತಿದೆ. ಶೇ. 3 ಇಟ್ಟಿದ್ದರೆ ಆಚೆ ಹೋಗುತ್ತಿತ್ತು.

ಈಗ ನಿಮ್ಮ ಗೆಳೆಯರ ಕಡೆ. ಕ್ಲೋಸ್ ಲೆಕ್ಕದಲ್ಲಿ XA 186, AB 101. ಅನುಪಾತ 0.543. ಬ್ಯಾಟ್‌ಗೆ B 0.382ರಿಂದ 0.5ರ ನಡುವೆ ಇರಬೇಕು. ಅವರೂ ದಾಟಿದ್ದಾರೆ! ಮೊದಲ ಸಾಲಿನ ಶೇ. 5 ಹಾಕಿದರೆ ಮಿತಿ 0.525, ಅವರು ಫೇಲ್. ಎರಡನೇ ಸಾಲು ಹಾಕಿದರೆ 0.55, ಪಾಸ್. ಇಬ್ಬರೂ "ಶೇ. 5 ಇಟ್ಟಿದ್ದೇನೆ" ಎಂದು ಆಣೆ ಮಾಡಿ ಹೇಳಬಹುದು. ಇಬ್ಬರ ಶೇ. 5 ಬೇರೆಬೇರೆ.

ನನಗೆ ನಗು ಬಂದದ್ದು ಇನ್ನೊಂದಕ್ಕೆ. ಅವರು Bಯನ್ನು ಕ್ಲೋಸ್‌ನಿಂದ ಅಳೆದರು. ಸರಿ, ಹಾಗಿದ್ದರೆ Dಯನ್ನೂ ಕ್ಲೋಸ್‌ನಿಂದಲೇ ಅಳೆಯಬೇಕಲ್ಲ? 186ರ 0.886 ಅಂದರೆ 164.80. 1392ರಲ್ಲಿ ಅದನ್ನು ಕಳೆದರೆ 1227.20. ಅವರು ಹೇಳಿದ 1222.80 ಬರುವುದು ನಿಮ್ಮ ವಿಕ್ ಅಂಕಿಗಳಿಂದ. B ಒಂದು ತಕ್ಕಡಿಯಲ್ಲಿ, D ಇನ್ನೊಂದು ತಕ್ಕಡಿಯಲ್ಲಿ. ಬೆಲೆ ಎಲ್ಲಿ ತಿರುಗಿತು ಎಂದು ಮೊದಲೇ ಗೊತ್ತಿದ್ದಾಗ ಈ ಕೈಚಳಕ ತಾನಾಗಿಯೇ ಆಗಿಬಿಡುತ್ತದೆ, ಅವರು ಬೇಕಂತ ಮಾಡಿರಲಿಕ್ಕಿಲ್ಲ.

---

ಡೇಲಿ ಚಾರ್ಟ್ ದಿವಾಕರ

ಅವನಿಗೆ ಇದನ್ನು ಕಳಿಸಿದೆ. "ಟ್ರೇಡಿಂಗ್‌ವ್ಯೂನಲ್ಲಿ XABCD ಟೂಲ್ ಎಳೆದೆ, ಅದು ವಿಕ್‌ಗೆ ಹೋಗಿ ಅಂಟಿಕೊಂಡಿರಬೇಕು" ಎಂದ. ಆಮೇಲೆ ಫೋನ್ ಎತ್ತುತ್ತಿಲ್ಲ.

---

ಸಾಲಾವಳಿ ಶಾಸ್ತ್ರಿ

ನಮ್ಮಲ್ಲಿ ಜಾತಕ ನೋಡಿ ಸಾಲಾವಳಿ ಹಾಕುತ್ತಾರಲ್ಲ, 36ಕ್ಕೆ 18 ಗುಣ ಬಂದರೆ ಪಾಸ್. ಹುಡುಗಿ ಕಡೆಯವರು ಸ್ಥಿತಿವಂತರಾದರೆ 17 ಬಂದರೂ "ಪರವಾಗಿಲ್ಲ, ಪರಿಹಾರ ಮಾಡಿಸೋಣ". ಬೇಡವಾದರೆ 24 ಬಂದರೂ "ನಾಡಿ ಕೂಡಿಬರಲಿಲ್ಲ". ಟಾಲರೆನ್ಸ್ ಎಂದರೆ ಇದೇ ಅಲ್ವಾ?

---

ಇಂಟ್ರಾಡೇ ಈರಣ್ಣ

ಶಾಸ್ತ್ರಿಗಳೇ, ತಮಾಷೆ ಬೇರೆ. ಬೆಲೆ 1221ರಲ್ಲಿ ತಿರುಗಿದ್ದು ನಿಜ ತಾನೇ? ಅದಕ್ಕೆ ಏನು ಹೇಳುತ್ತೀರಿ?

---

ಸುಮಾ_ಪೈಥಾನ್

ಈರಣ್ಣ, ಬೆಲೆ ಎಲ್ಲೋ ಒಂದು ಕಡೆ ತಿರುಗಲೇಬೇಕಿತ್ತು. ಎಲ್ಲೆಲ್ಲಿ ತಿರುಗಿದ್ದರೆ ನಾವು "ಪ್ಯಾಟರ್ನ್ ಗೆದ್ದಿತು" ಅನ್ನುತ್ತಿದ್ದೆವು ಎಂದು ಎಣಿಸಿ ನೋಡಿ.

ದಿವಾಕರ್ ಅವರ ಅದೇ 1200–1400 ತೆಗೆದುಕೊಳ್ಳೋಣ. B ಮಾತ್ರ ನೋಡೋಣ. ಮೊದಲ ಸಾಲಿನ ಲೆಕ್ಕದಲ್ಲಿ ಶೇ. 10 ಟಾಲರೆನ್ಸ್ ಇಡಿ. ತುಂಬಾ ಜನ ಇಡುತ್ತಾರೆ. ಬ್ಯಾಟ್ 0.344ರಿಂದ 0.55. ಗಾರ್ಟ್ಲಿ 0.556ರಿಂದ 0.68. ಬಟರ್‌ಫ್ಲೈಗೆ B 0.786ರಲ್ಲಿ, ಹಿಗ್ಗಿಸಿದರೆ 0.707ರಿಂದ 0.865. ಕ್ರ್ಯಾಬ್ 0.344ರಿಂದ 0.68ರವರೆಗೆ ಉದ್ದಕ್ಕೆ ಮಲಗಿದೆ. ರೂಪಾಯಿಗೆ ತಂದರೆ B 1331ರಿಂದ 1227ರವರೆಗೆ ಎಲ್ಲಿ ಬಂದರೂ ಅದಕ್ಕೊಂದು ಹೆಸರು ಕಾದಿರುತ್ತದೆ. ಹೆಸರಿಲ್ಲದ ಜಾಗ 1264 ಮತ್ತು 1259ರ ನಡುವಿನ ಐದು ರೂಪಾಯಿ ಮಾತ್ರ.

D ಬಂದ ಮೇಲೆ ಕೆಲವು ಉದುರಿಹೋಗುತ್ತವೆ, ಅದು ನಿಜ. ಆದರೆ Dಗೂ ಅದೇ ಟಾಲರೆನ್ಸ್ ಇರುತ್ತದೆ. ಗಾರ್ಟ್ಲಿಯಲ್ಲಿ B ಒಂದು ಬಿಂದು, D ಇನ್ನೊಂದು ಬಿಂದು. ಟಾಲರೆನ್ಸ್ ಎರಡು ಪಟ್ಟು ಮಾಡಿದರೆ ಎರಡು ಕಿಟಕಿಯೂ ಎರಡು ಪಟ್ಟು ಅಗಲವಾಗುತ್ತವೆ. ಹಾಗಾಗಿ ಸಿಗುವ ಪ್ಯಾಟರ್ನ್ ಎರಡು ಪಟ್ಟಲ್ಲ, ಸುಮಾರು ನಾಲ್ಕು ಪಟ್ಟು. "ನನ್ನ ಸ್ಕ್ಯಾನರ್ ದಿನಕ್ಕೆ ಇಷ್ಟು ಪ್ಯಾಟರ್ನ್ ಹಿಡಿಯುತ್ತದೆ" ಎನ್ನುವ ಜಾಹೀರಾತು ನೋಡಿದಾಗ ನನಗೆ ನೆನಪಾಗುವುದು ಇದೇ.

ಮನೆಯಲ್ಲೇ ಮಾಡಿ ನೋಡಬಹುದು. ಕಂಪ್ಯೂಟರ್‌ನಲ್ಲಿ ನಾಣ್ಯ ಚಿಮ್ಮಿಸಿ. ಹೆಡ್ಸ್ ಬಂದರೆ ಒಂದು ರೂಪಾಯಿ ಮೇಲೆ, ಟೇಲ್ಸ್ ಬಂದರೆ ಕೆಳಗೆ. ಆ ಚಾರ್ಟಿನಲ್ಲೂ ಗಾರ್ಟ್ಲಿ ಸಿಗುತ್ತದೆ, ಬ್ಯಾಟೂ ಸಿಗುತ್ತದೆ.

---

ಇಂಟ್ರಾಡೇ ಈರಣ್ಣ

ಅಂದರೆ ಎಲ್ಲಾ ಸುಳ್ಳು ಅನ್ನುತ್ತೀರಾ? ನಾನು ಇದರಲ್ಲಿ ದುಡ್ಡು ಮಾಡಿದ್ದೇನೆ ಮೇಡಂ.

---

ಸುಮಾ_ಪೈಥಾನ್

ಸುಳ್ಳು ಅನ್ನಲಿಲ್ಲ. ನಾಣ್ಯದ ಚಾರ್ಟಿನಲ್ಲಿ ಪ್ಯಾಟರ್ನ್ ಸಿಕ್ಕಿತು ಅಂದರೆ, ಪ್ಯಾಟರ್ನ್ ಸಿಗುವುದೇ ಸಾಕ್ಷಿ ಅಲ್ಲ ಎಂದು ಮಾತ್ರ ಗೊತ್ತಾಯಿತು. ನಿಜವಾದ ಬೆಲೆ 0.786ರಲ್ಲಿ ಜಾಸ್ತಿ ತಿರುಗುತ್ತದಾ ಎಂದು ನೋಡಲು ಬೇರೆ ಪರೀಕ್ಷೆ ಬೇಕು. ಅದೇ ಸ್ಕ್ಯಾನರ್‌ಗೆ 0.786 ಬದಲು 0.74 ಕೊಡಿ, 0.886 ಬದಲು 0.84 ಕೊಡಿ. ಯಾರೂ ಹೆಸರಿಡದ ಅಂಕಿಗಳು. ಟಾಲರೆನ್ಸ್ ಅದೇ, ಸ್ಟಾಪ್ ಅದೇ, ಟಾರ್ಗೆಟ್ ಅದೇ. ಟಾಲರೆನ್ಸ್ ಮಾತ್ರ ಶೇ. 2 ದಾಟದಿರಲಿ, ಶೇ. 3ಕ್ಕೆ ಹೋದರೆ 0.84 ಮತ್ತು 0.886ರ ಕಿಟಕಿಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ. ಎರಡರಲ್ಲೂ ಫಲಿತಾಂಶ ಹತ್ತಿರಹತ್ತಿರ ಬಂದರೆ ನಿಮ್ಮ ದುಡ್ಡು ಬಂದದ್ದು ಸ್ಟಾಪ್ ಇಟ್ಟ ಶಿಸ್ತಿನಿಂದ ಇರಬಹುದು, ಅನುಪಾತದಿಂದ ಅಲ್ಲ. ನಿಮ್ಮ ಹತ್ತಿರ ಹಳೆಯ ಟ್ರೇಡ್‌ಗಳ ಪಟ್ಟಿ ಇದ್ದರೆ ಒಮ್ಮೆ ಮಾಡಿ.

---

ಇಂಟ್ರಾಡೇ ಈರಣ್ಣ

ಪಟ್ಟಿ ಎಲ್ಲಿದೆ, ಎಲ್ಲಾ ತಲೆಯಲ್ಲೇ ಇದೆ.

---

ಉಡುಪಿ ಆಪ್ಷನ್ಸ್

ಗೆದ್ದದ್ದು ತಲೆಯಲ್ಲಿ, ಸೋತದ್ದು ಬ್ರೋಕರ್ ಸ್ಟೇಟ್‌ಮೆಂಟ್‌ನಲ್ಲಿ.

---

ಪೀಣ್ಯ ಟೂಲ್‌ರೂಮ್

ನಾನು ಷೇರು ಮುಟ್ಟುವವನಲ್ಲ, ಮಗ ಮುಟ್ಟುತ್ತಾನೆ. ಆದರೆ ಟಾಲರೆನ್ಸ್ ಅಂದಿದ್ದಕ್ಕೆ ಕೈ ತಡೆಯಲಿಲ್ಲ.

ನಮ್ಮಲ್ಲಿ 25 ಎಂಎಂ ತೂತಿಗೆ ಡ್ರಾಯಿಂಗ್‌ನಲ್ಲಿ H7 ಎಂದು ಬರೆದಿದ್ದರೆ 25.000ರಿಂದ 25.021ರ ಒಳಗೆ ಬರಬೇಕು. ಅದಕ್ಕೆ ಗೋ, ನೋ-ಗೋ ಗೇಜ್ ಇರುತ್ತದೆ. ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಮಾತಿಗೆ ಜಾಗವೇ ಇಲ್ಲ. ಆ 21 ಮೈಕ್ರಾನ್ ಎಲ್ಲಿಂದ ಬಂತು? ಅದರೊಳಗೆ ಒಂದು ಶಾಫ್ಟ್ ಕೂರಬೇಕು. ಬಿಗಿಯಾದರೆ ಹೋಗುವುದಿಲ್ಲ, ಸಡಿಲವಾದರೆ ಅಲ್ಲಾಡುತ್ತದೆ. ಕೆಲಸವೇ ಟಾಲರೆನ್ಸ್ ಹೇಳುತ್ತದೆ. ಪೀಸ್ ಕೊರೆದ ಮೇಲೆ ಅಳತೆ ನೋಡಿಕೊಂಡು ಡ್ರಾಯಿಂಗ್ ತಿದ್ದುವವನನ್ನು ನಾವು ಗೇಟಿನಿಂದ ಆಚೆ ಕಳಿಸುತ್ತೇವೆ.

ನಿಮ್ಮ ಈ ಶೇ. 5ಕ್ಕೆ ಶಾಫ್ಟ್ ಯಾವುದು? ಅದೇ ತಿಳಿಯಲಿಲ್ಲ.

---

ಹಳೇ ಚಾರ್ಟು

ಪೀಣ್ಯದವರು ಸರಿಯಾದ ಜಾಗಕ್ಕೇ ಕೈ ಹಾಕಿದರು. ನನ್ನ ಮಟ್ಟಿಗೆ ಶಾಫ್ಟ್ ಅಂದರೆ ಸ್ಟಾಪ್‌ಲಾಸ್. ದಿವಾಕರ್ ಅವರ ಟ್ರೇಡ್‌ನಲ್ಲಿ ಎಲ್ಲರೂ ಬಿಟ್ಟ ಒಂದು ವಿಷಯ ಅಲ್ಲೇ ಇದೆ.

ಅವರು Bಗೆ ಶೇ. 5 ಸಡಿಲ ಕೊಟ್ಟರು. Dಗೂ ಅಷ್ಟೇ ಸಡಿಲ ಕೊಟ್ಟರೆ 0.786ರ ಜಾಗ 0.747ರಿಂದ 0.825 ಆಗುತ್ತದೆ. ರೂಪಾಯಿಯಲ್ಲಿ ಸುಮಾರು 1250ರಿಂದ 1235. ಅವರ ಸ್ಟಾಪ್ 1232. ತಾವೇ ಒಪ್ಪಿದ ಜಾಗದ ತಳದಿಂದ ಬರೀ ಮೂರು ರೂಪಾಯಿ ಕೆಳಗೆ. B ತಪ್ಪಿದರೆ "ಪರವಾಗಿಲ್ಲ" ಎಂದವರು D ತಪ್ಪಿದರೆ ಉಸಿರಾಡಲು ಜಾಗ ಕೊಡಲಿಲ್ಲ.

ನಾನು ಮಾಡುವುದು ಹೀಗೆ. B 0.5 ಮತ್ತು 0.618ರ ನಡುವೆ ಬಿದ್ದರೆ ಹೆಸರಿಡಲು ಹೋಗುವುದಿಲ್ಲ. 1243, 1223 ಎರಡನ್ನೂ ಗೆರೆ ಎಳೆದು ಇಟ್ಟುಕೊಳ್ಳುತ್ತೇನೆ. ಸ್ಟಾಪ್ Xನ ಕೆಳಗೆ, ಇಲ್ಲಿ 1195 ಎಂದಿಟ್ಟುಕೊಳ್ಳಿ. X ಮುರಿದರೆ ಗಾರ್ಟ್ಲಿಯೂ ಇಲ್ಲ, ಬ್ಯಾಟೂ ಇಲ್ಲ, ವಾದ ಮುಗಿಯಿತು. ಆದರೆ 1243ಕ್ಕೆ ಕೊಂಡರೆ ಷೇರಿಗೆ 48 ರೂಪಾಯಿ ಅಪಾಯ. 5000 ರೂಪಾಯಿ ಕಳೆದುಕೊಳ್ಳಲು ತಯಾರಿದ್ದರೆ 104 ಷೇರು ಮಾತ್ರ. 11 ರೂಪಾಯಿ ಸ್ಟಾಪ್ ಇಟ್ಟರೆ ಅದೇ 5000ಕ್ಕೆ 454 ಷೇರು ಬರುತ್ತಿತ್ತು. ಆ 454ರ ಆಸೆಯೇ ಸ್ಟಾಪನ್ನು ಹತ್ತಿರಕ್ಕೆ ಎಳೆಯುವುದು.

---

ಡೇಲಿ ಚಾರ್ಟ್ ದಿವಾಕರ

ಸರ್, ನಾನು ಕೊಂಡದ್ದು 450. 🙏 ಕಣ್ಣಿಗೆ ಕಂಡ ಹಾಗೆ ಹೇಳಿಬಿಟ್ಟಿರಿ.

---

ಸುಮಾ_ಪೈಥಾನ್

ಹಳೇ ಚಾರ್ಟು ಸರ್, ನಿಮ್ಮ ವಿಧಾನ ಒಳ್ಳೆಯದೇ. ಆದರೆ ಒಂದು ತಕರಾರು. ಎರಡು ಗೆರೆ ಎಳೆದು, ಸ್ಟಾಪ್ X ಕೆಳಗಿಟ್ಟ ಮೇಲೆ ಅನುಪಾತಕ್ಕೆ ಏನು ಕೆಲಸ ಉಳಿಯಿತು? "ಹಳೆಯ ತಳದ ಹತ್ತಿರ ಕೊಳ್ಳುತ್ತೇನೆ, ತಳ ಮುರಿದರೆ ಹೊರಡುತ್ತೇನೆ" ಎಂದಷ್ಟೇ ಆಯಿತು. ಅದಕ್ಕೆ ಬಾವಲಿ, ಏಡಿ ಯಾಕೆ ಬೇಕು?

---

ಹಳೇ ಚಾರ್ಟು

ಎಲ್ಲಿ ಕಾಯಬೇಕು ಎಂದು ಮೊದಲೇ ಹೇಳುತ್ತದೆ ಮೇಡಂ. ಗೆರೆ ಇಲ್ಲದಿದ್ದರೆ ನಾನು 1270ಕ್ಕೇ ಕೈ ಹಾಕುತ್ತಿದ್ದೆ. ನನ್ನ ಸ್ವಭಾವ ನನಗೆ ಗೊತ್ತು. ನೀವು ಇದನ್ನು ಶಿಸ್ತು ಎನ್ನಿ, ಅನುಪಾತ ಎನ್ನಿ, ನನಗೆ ಜಗಳವಿಲ್ಲ.

---

ಸುಮಾ_ಪೈಥಾನ್

ನನಗಿದೆ. 😊 ಇರಲಿ, ಇನ್ನೊಂದು ದಿನ.

---

ಧಾರವಾಡ ಪೇಡಾ

ನನಗೆ ಆದದ್ದು ಬೇರೆ ಥರ. ಒಂದೇ ಷೇರು, ಎರಡು ಆ್ಯಪ್. ಒಂದರಲ್ಲಿ ಪ್ಯಾಟರ್ನ್ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ವಾರಗಟ್ಟಲೆ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ನಡುವೆ ಡಿವಿಡೆಂಡ್ ಬಂದಿತ್ತು. ಒಂದು ಆ್ಯಪ್ ಹಳೆಯ ಬೆಲೆಗಳಿಂದ ಅದನ್ನು ಕಳೆದು ತೋರಿಸುತ್ತಿತ್ತು, ಇನ್ನೊಂದು ಹಾಗೇ ಬಿಟ್ಟಿತ್ತು. ಷೇರು ಸ್ಪ್ಲಿಟ್ ಆದರೆ ಎಲ್ಲಾ ಬಿಂದು ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ, ಅನುಪಾತ ಕೆಡುವುದಿಲ್ಲ. ಡಿವಿಡೆಂಡ್‌ನಲ್ಲಿ ಹಾಗಲ್ಲ. ಅದಕ್ಕಿಂತ ಹಿಂದಿನ ಬಿಂದು ಮಾತ್ರ ಅಲ್ಲಾಡುತ್ತದೆ.

ದಿವಾಕರ್ ಅಂಕಿಗೇ ಹಾಕಿ ನೋಡಿ. X ಆದ ಮೇಲೆ, A ಬರುವ ಮೊದಲು 14 ರೂಪಾಯಿ ಡಿವಿಡೆಂಡ್ ಕೊಟ್ಟಿದ್ದರು ಎಂದುಕೊಳ್ಳಿ. X ಸುಮಾರು 1186 ಆಗುತ್ತದೆ. XA 214. ಅದೇ 118 ಇಳಿತ ಈಗ 0.55. ಸುಮಾ ಅವರ ಮೊದಲ ಸಾಲಿನ ಶೇ. 5ರಲ್ಲಿ ಗಾರ್ಟ್ಲಿಯೂ ಅಲ್ಲ, ಬ್ಯಾಟೂ ಅಲ್ಲ. ತ್ರಿಶಂಕು.

---

ಉಡುಪಿ ಆಪ್ಷನ್ಸ್

ಇದೆಲ್ಲಾ B ಎಲ್ಲಿದೆ ಎಂದು ಒಪ್ಪಿಕೊಂಡ ಮೇಲಿನ ಮಾತು. ನಾನು ತಿರುವುಗಳನ್ನು ತಾನೇ ಗುರುತಿಸುವ ಮೆಟಾಟ್ರೇಡರ್ ಜಿಗ್‌ಜಾಗ್ ಹಾಕುತ್ತಿದ್ದೆ, ಡೀಫಾಲ್ಟ್ 12, 5, 3. 12 ಇದ್ದದ್ದನ್ನು 20 ಮಾಡಿದರೆ Bಯೇ ಮಾಯ, ಹಳೆಯ C ಈಗ ಎಲ್ಲೂ ಇಲ್ಲ. ಸಾಲದ್ದಕ್ಕೆ ಕೊನೆಯ ಕಾಲು ಹೊಸ ತಳ ಬಂದಂತೆಲ್ಲಾ ಜರುಗುತ್ತದೆ. ಹಿಂದಿನ ಚಾರ್ಟ್ ನೋಡಿದರೆ ಪ್ರತಿ D ಸರಿಯಾಗಿ ತಳದಲ್ಲೇ ಕೂತಿರುತ್ತದೆ. ಕೂರದೆ ಎಲ್ಲಿಗೆ ಹೋಗುತ್ತದೆ, ತಳ ಬಂದ ಮೇಲೆ ತಾನೇ ಅದನ್ನು ಅಲ್ಲಿ ಕೂರಿಸಿದ್ದು!

---

ಡೇಲಿ ಚಾರ್ಟ್ ದಿವಾಕರ

ಎಲ್ಲರಿಗೂ ಥ್ಯಾಂಕ್ಸ್. ಮುಂದಿನ ಮೂರು ತಿಂಗಳಿಗೆ ಒಂದು ಕಾಗದದ ಮೇಲೆ ಬರೆದು ಮಾನಿಟರ್ ಪಕ್ಕ ಅಂಟಿಸಿದ್ದೇನೆ: ವಿಕ್‌ನಿಂದಲೇ ಅಳತೆ, ಅನುಪಾತದ ಶೇ. 3, Bಗೂ Dಗೂ ಒಂದೇ, ಡಿವಿಡೆಂಡ್ ಕಳೆಯದ ಬೆಲೆ. ಶೇ. 3 ಯಾಕೆ ಎಂದು ಕೇಳಬೇಡಿ, ಪೀಣ್ಯದ ಸರ್ ಕೇಳಿದ ಶಾಫ್ಟ್ ನನಗಿನ್ನೂ ಸಿಕ್ಕಿಲ್ಲ. ಸುಮಾ ಮೇಡಂ ಹೇಳಿದ 0.74ರ ಪರೀಕ್ಷೆಯನ್ನೂ ಜೊತೆಗೇ ಬರೆದಿಡುತ್ತೇನೆ, ಅದಕ್ಕೆ ಶೇ. 2.

---

ಪ್ಯಾನೆಲ್ ಬೋರ್ಡ್ ಪ್ರಕಾಶ್

ಫಿಲ್ಟರ್ ಬಗ್ಗೆ ಯಾರೂ ಹೇಳಲೇ ಇಲ್ಲ.

---

ಇಂಟ್ರಾಡೇ ಈರಣ್ಣ

ಅದಿರಲಿ, ಈಗಷ್ಟೇ ಒಂದು ಸಿಕ್ಕಿದೆ. B 0.60ರಲ್ಲಿ ನಿಂತಿದೆ. ನನಗೆ ಪಕ್ಕಾ ಕ್ರ್ಯಾಬ್ ಥರ ಕಾಣುತ್ತಿದೆ. ಯಾರಾದರೂ ನೋಡಿ ಹೇಳುತ್ತೀರಾ?

---

ಸಾಲಾವಳಿ ಶಾಸ್ತ್ರಿ

ವಿಕ್ಕಾ, ಕ್ಲೋಸಾ?